ಟ್ರೈನಿಂಗ್ ಶುರುವಲ್ಲಿ ಟ್ರೈನರ್‌ಗಳ ಪರಿಚಯ: ಯಾವ ಡೌಟಿಗೆ ಯಾರ ಹತ್ರ ಹೋಗ್ಬೇಕು

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಟ್ರೈನಿಂಗ್ ಟೀಮಲ್ಲಿ ಕೋಆರ್ಡಿನೇಟರ್. ಕಾಲೇಜು ಮುಗಿಸ್ಕೊಂಡು ಬರೋ ಫ್ರೆಶರ್‌ಗಳಿಗೆ ಎಂಟು ವಾರದ ಟ್ರೈನಿಂಗ್ ಇರತ್ತೆ, ಜಾವಾ, ಡೇಟಾಬೇಸ್, ಕಮ್ಯುನಿಕೇಶನ್, ಕೊನೆಗೆ ಒಂದು ಸಣ್ಣ ಪ್ರಾಜೆಕ್ಟ್. ಕ್ಲಾಸ್ ತಗೊಳ್ಳೋರು ಬೇರೆ, ಅವರನ್ನೆಲ್ಲ ಹೊಂದಿಸಿ ಬ್ಯಾಚ್ ನಡೆಸೋದು ನನ್ನ ಕೆಲಸ. ಈ ಸಲದ ಬ್ಯಾಚಿಗೆ ಟ್ರೈನರ್‌ಗಳ ಪರಿಚಯದ ಸೆಷನ್ನನ್ನ ಪೂರ್ತಿ ಬೇರೆ ಥರ ಮಾಡಿದ್ವಿ, ಅದು ಹೇಗಾಯ್ತು ಅಂತ ವಿವರವಾಗಿ ಬರೀತಿದೀನಿ, ಇದೇ ಕೆಲಸದಲ್ಲಿರೋರಿಗೆ ಉಪಯೋಗ ಆಗಬಹುದು.

ಸಾಮಾನ್ಯವಾಗಿ ಈ ಪರಿಚಯ ಹೇಗಿರತ್ತೆ ಅಂತ ನಿಮಗೆ ಗೊತ್ತೇ ಇರತ್ತೆ. ಒಬ್ಬೊಬ್ಬರಾಗಿ ಮುಂದೆ ಬಂದು ನಂಗೆ ಇಷ್ಟು ವರ್ಷ ಎಕ್ಸ್‌ಪೀರಿಯೆನ್ಸ್, ಇಂತಿಂಥ ಸರ್ಟಿಫಿಕೇಟ್ ಇದೆ, ಇಂತಿಂಥ ಕಡೆ ಕೆಲಸ ಮಾಡಿದೀನಿ ಅಂತಾರೆ, ಮಕ್ಕಳು ಚಪ್ಪಾಳೆ ತಟ್ತಾರೆ, ಮುಗೀತು. ಅದರಲ್ಲಿ ತಪ್ಪೇನಿಲ್ಲ, ಆದ್ರೆ ಮೂರನೇ ದಿನ ಲ್ಯಾಬಲ್ಲಿ ಪ್ರೋಗ್ರಾಮ್ ಓಡದೆ ಕೂತಿರೋ ಹುಡುಗನಿಗೆ ಆ ಸರ್ಟಿಫಿಕೇಟಿಂದ ಏನೂ ಆಗಲ್ಲ. ಅವನಿಗೆ ಬೇಕಾಗಿರೋದು ಈಗ ನಾನು ಯಾರನ್ನ ಕರೀಲಿ, ಅವರು ಎಲ್ಲಿ ಸಿಗ್ತಾರೆ, ಕೇಳಿದ್ರೆ ಏನಾದ್ರೂ ಅಂದ್ಕೋತಾರಾ, ಅಷ್ಟೇ.

ಬ್ಯಾಚ್ ಶುರುವಾಗೋ ಮುಂಚೆ ನಾನು ಮೊದಲು ಮಾಡಿದ ಕೆಲಸ ಅಂದ್ರೆ ಹಿಂದಿನ ಬ್ಯಾಚಿನ ಗ್ರೂಪ್ ಚಾಟ್ ಪೂರ್ತಿ ಕೂತು ಓದಿದ್ದು. ಯಾರ ಯಾರಿಗೆ ಏನೇನು ಕೇಳಿದಾರೆ ಅಂತ ಒಂದು ಶೀಟಲ್ಲಿ ಹಾಕ್ತಾ ಹೋದೆ. ಜಾವಾ ಟ್ರೈನರ್‌ಗೆ ಬಂದ ಮೆಸೇಜುಗಳಲ್ಲಿ ಜಾವಾದಷ್ಟೇ ಬೇರೆ ವಿಷಯಗಳೂ ಇದ್ವು. ರಜೆ ಬೇಕು, ಐಡಿ ಕಾರ್ಡ್ ಕೆಲಸ ಮಾಡ್ತಿಲ್ಲ, ಸ್ಯಾಲರಿ ಅಕೌಂಟ್ ಯಾವಾಗ ಓಪನ್ ಆಗತ್ತೆ, ಪಿಜಿ ಓನರ್ ಅಡ್ರೆಸ್ ಪ್ರೂಫಿಗೆ ಕಂಪನಿ ಲೆಟರ್ ಕೇಳ್ತಿದಾರೆ, ಇವೆಲ್ಲ ಅವರಿಗೇ. ದಿನಾ ಕಣ್ಣೆದುರಿಗೆ ಕಾಣೋದು ಅವರೊಬ್ಬರೇ ಆದ್ದರಿಂದ ಎಲ್ಲದಕ್ಕೂ ಅವರೇ ಅಂತಾಗಿಬಿಟ್ಟಿತ್ತು, ಅವರು ಹೊರಗಿಂದ ಬರೋ ಫ್ರೀಲಾನ್ಸರ್, ಅವರ ಹತ್ರ ಇದ್ಯಾವುದಕ್ಕೂ ಉತ್ತರ ಇಲ್ಲ, ಫಾರ್ವರ್ಡ್ ಮಾಡೋಕೂ ಅವರಿಗೆ ನಮ್ಮ ಕಂಪನಿ ಮೇಲ್ ಐಡಿ ಇಲ್ಲ. ಇನ್ನೊಂದು ಕಡೆ ಲ್ಯಾಬ್ ಮೆಂಟರ್‌ಗಳು ಅಂತ ಇಬ್ಬರು ಇದ್ರು, ಪ್ರಾಜೆಕ್ಟಿಂದ ಎರಡು ತಿಂಗಳಿಗೆ ಅಂತ ಬಂದಿರೋ ಡೆವಲಪರ್‌ಗಳು, ಕೋಡಲ್ಲಿ ತೊಂದರೆ ಆದ್ರೆ ಪಕ್ಕದಲ್ಲೇ ಕೂತು ನೋಡೋಕೆ ಅಂತಾನೇ ಹಾಕಿದ್ದು, ಅವರಿಗೆ ಮೊದಲ ವಾರದಲ್ಲಿ ಹೆಚ್ಚುಕಮ್ಮಿ ಯಾರೂ ಏನೂ ಕೇಳೇ ಇಲ್ಲ.

ಆ ಚಾಟಲ್ಲಿ ಒಂದು ಪ್ರಸಂಗ ನಂಗೆ ತುಂಬ ತಲೇಲಿ ಉಳೀತು. ಒಬ್ಬ ಹುಡುಗ ಕೋಡ್ ಬರೆಯೋ ಎಕ್ಲಿಪ್ಸಲ್ಲಿ, ಬೇಕಾದ ಲೈಬ್ರರಿಗಳನ್ನ ತಾನೇ ಇಳಿಸ್ಕೊಳ್ಳೋ ಮೇವನ್ ಅನ್ನೋ ಟೂಲಿನ ಪ್ರಾಜೆಕ್ಟ್ ತೆಗೆದಿದಾನೆ, ಫೈಲ್ ಮೇಲೆ ಇಂಪೋರ್ಟ್ ಸಾಲುಗಳೆಲ್ಲ ಕೆಂಪು. ಕೆಂಪು ಗೆರೆ ಬಂದಿರೋದು ತಾನು ಟೈಪ್ ಮಾಡಿದ ಸಾಲುಗಳ ಕೆಳಗೆ, ಅಂದ್ಮೇಲೆ ತಪ್ಪು ತನ್ನದೇ ಅಂತ ಅವನ ಲೆಕ್ಕ. ಅಳಿಸಿ ಮತ್ತೆ ಟೈಪ್ ಮಾಡಿದಾನೆ, ಪಕ್ಕದವನ ಕೋಡ್ ನೋಡ್ಕೊಂಡು ಬರೆದಿದಾನೆ, ಪ್ರಾಜೆಕ್ಟೇ ಡಿಲೀಟ್ ಮಾಡಿ ಹೊಸದಾಗಿ ಮಾಡಿದಾನೆ, ಎರಡು ದಿನ ಹೋಗಿದೆ. ಅಸಲಿಗೆ ಕನ್ಸೋಲಲ್ಲಿ ಮೇಲುಗಡೆ ಇದ್ದ ಸಾಲು ಇದು:

```
Could not transfer artifact ... Connection timed out
```

ಇದರರ್ಥ ಅವನ ಲ್ಯಾಪ್‌ಟಾಪಿಗೆ ಹೊರಗಿಂದ ಲೈಬ್ರರಿ ಫೈಲುಗಳು ಇಳೀತಾನೇ ಇಲ್ಲ. ಆಫೀಸ್ ನೆಟ್‌ವರ್ಕಲ್ಲಿ ಇಂಟರ್ನೆಟ್ಟಿಗೆ ಹೋಗೋಕೆ ಪ್ರಾಕ್ಸಿ ಇರತ್ತೆ, ಮೇವನ್‌ಗೆ ಆ ಪ್ರಾಕ್ಸಿ ಅಡ್ರೆಸ್ಸನ್ನ `settings.xml` ಅನ್ನೋ ಫೈಲಲ್ಲಿ ಬರೆದು ಹೇಳ್ಬೇಕು, ಅವನ ಮಷೀನಲ್ಲಿ ಆ ಫೈಲ್ ಇರಲಿಲ್ಲ. ಲೈಬ್ರರಿ ಇಲ್ಲದಿದ್ರೆ ಇಂಪೋರ್ಟ್ ಸಿಗಲ್ಲ, ಇಂಪೋರ್ಟ್ ಸಿಗದಿದ್ರೆ ಕೋಡೆಲ್ಲ ಕೆಂಪು. ಸಿಸ್ಟಮ್ಸ್ ಡೆಸ್ಕಿನವರು ಬಂದು ಫೈಲ್ ಹಾಕಿದ್ರೆ ಹತ್ತು ನಿಮಿಷದ ಕೆಲಸ. ಆದ್ರೆ ಇದು ಸಿಸ್ಟಮ್ಸಿನವರ ವಿಷಯ ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು? ಯಾರನ್ನ ಕೇಳ್ಬೇಕು ಅನ್ನೋದು ಗೊತ್ತಾಗೋಕೆ ಮುಂಚೆ ತೊಂದರೆ ಯಾವ ಜಾತೀದು ಅಂತ ಗೊತ್ತಾಗ್ಬೇಕಲ್ವಾ. ತಾಲ್ಲೂಕು ಆಫೀಸಿಗೆ ಹೋದೋರಿಗೆ ತಮ್ಮ ಕಾಗದ ಯಾವ ಟೇಬಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ಲದೆ ಇದ್ರೆ ಅಲ್ಲಿ ಎಲ್ಲರ ಹೆಸರೂ ಬಾಯಿಪಾಠ ಇದ್ರೂ ಪ್ರಯೋಜನ ಇಲ್ಲ, ಹಾಗೇ ಇದು.

ಅದಕ್ಕೇ ಈ ಸಲ ಬ್ಯಾಚ್ ಶುರುವಾಗೋ ಹಿಂದಿನ ವಾರ ಟ್ರೈನರ್‌ಗಳನ್ನೆಲ್ಲ ಒಂದು ಗಂಟೆ ಕೂರಿಸ್ಕೊಂಡೆ. ಜಾವಾ ಹೇಳ್ಕೊಡೋ ಮೇಡಂ, ಡೇಟಾಬೇಸ್ ತಗೊಳ್ಳೋ ಸರ್, ಕಮ್ಯುನಿಕೇಶನ್ ಮೇಡಂ, ಇಬ್ಬರು ಲ್ಯಾಬ್ ಮೆಂಟರ್‌ಗಳು, ಜೊತೆಗೆ ಸಿಸ್ಟಮ್ಸ್ ಡೆಸ್ಕಿಂದ ಒಬ್ಬರು. ಆ ಶೀಟ್ ಮುಂದಿಟ್ಟು ಒಂದೊಂದೇ ಪ್ರಶ್ನೆ ಓದ್ತಾ ಹೋದೆ, ಇದು ಯಾರಿಗೆ ಅಂತ. ಸುಮಾರಾಗಿ ಎಲ್ಲಾ ಸಲೀಸಾಗಿ ಹಂಚಿಹೋಯ್ತು, ಎರಡು ಕಡೆ ಮಾತ್ರ ಚರ್ಚೆ ಆಯ್ತು. ಒಂದು, ಟೆಸ್ಟಲ್ಲಿ ಮಾರ್ಕ್ಸ್ ಕಮ್ಮಿ ಬಂದಿದೆ ಮತ್ತೆ ನೋಡಿ ಅಂತ ಬಂದ್ರೆ ಯಾರು? ಪೇಪರ್ ತಿದ್ದಿದೋರು ಜಾವಾ ಮೇಡಂ, ಮಾರ್ಕ್ಸ್ ಎಂಟ್ರಿ ಮಾಡೋದು ನಾನು. ಕೊನೆಗೆ ಉತ್ತರ ಸರಿಯೋ ತಪ್ಪೋ ಅನ್ನೋದಾದ್ರೆ ಮೇಡಂ ಹತ್ರ, ಕೂಡಿಸಿದ್ದು ತಪ್ಪಿದೆ ಅಥವಾ ಪೋರ್ಟಲಲ್ಲಿ ಬೇರೆ ಕಾಣ್ತಿದೆ ಅಂದ್ರೆ ನನ್ನ ಹತ್ರ, ಮಾರ್ಕ್ಸ್ ಬಂದ ಎರಡು ದಿನದೊಳಗೆ ಅಂತ ಮಾಡ್ಕೊಂಡ್ವಿ. ಎರಡನೇದು ಮೆಂಟರ್‌ಗಳದ್ದು. ಮೆಂಟರ್‌ಗಳು ಮಕ್ಕಳ ಬಗ್ಗೆ ವಾರಕ್ಕೊಂದು ರಿಪೋರ್ಟ್ ಕೊಡ್ಬೇಕು, ಯಾರು ಹೇಗೆ ಮಾಡ್ತಿದಾರೆ ಅಂತ ರೇಟಿಂಗ್ ಹಾಕ್ಬೇಕು ಅಂತ ಹಿಂದಿಂದ ಒಂದು ಪದ್ಧತಿ ಇತ್ತು. ನಾನು ಅದು ಬೇಡವೇ ಬೇಡ ಅಂದೆ.

ಇದರ ಬಗ್ಗೆ ಸ್ವಲ್ಪ ಹೇಳ್ಬೇಕು, ನನ್ನ ಪ್ರಕಾರ ಇಡೀ ಪರಿಚಯದಲ್ಲಿ ಮುಖ್ಯವಾದ ವಿಷಯ ಇದೇ. ಫ್ರೆಶರ್‌ಗಳಿಗೆ ಟ್ರೈನಿಂಗ್ ಮುಗಿಯೋ ಹೊತ್ತಿಗೆ ಟೆಸ್ಟ್ ಪಾಸಾಗದೆ ಹೋದ್ರೆ ಏನಾಗತ್ತೋ ಅನ್ನೋ ಭಯ ಮೊದಲ ದಿನದಿಂದಲೇ ಇರತ್ತೆ. ಹಾಗಿರೋವಾಗ ತನಗೆ ಮಾರ್ಕ್ಸ್ ಹಾಕೋರ ಮುಂದೆ ಹೋಗಿ ನಂಗೆ ಇದು ಅರ್ಥ ಆಗಿಲ್ಲ ಅನ್ನೋಕೆ ಯಾರಿಗೆ ಧೈರ್ಯ ಬರತ್ತೆ? ಕ್ಲಾಸಲ್ಲಿ ಡೌಟ್ ಇದ್ಯಾ ಅಂತ ಎಷ್ಟು ಸಲ ಕೇಳಿದ್ರೂ ಇಲ್ಲ ಅಂತಾರೆ, ಆಮೇಲೆ ಯೂಟ್ಯೂಬಲ್ಲಿ ಹುಡುಕ್ತಾ ರಾತ್ರಿ ಕಳೀತಾರೆ. ಹಾಗಾಗಿ ಡೌಟ್ ಕೇಳೋ ಜಾಗದಲ್ಲಿ ಕೂರೋ ಮನುಷ್ಯನ ಕೈಲಿ ರೇಟಿಂಗ್ ಇರಬಾರದು, ಮತ್ತೆ ಇಲ್ಲ ಅನ್ನೋದನ್ನ ಆ ಮನುಷ್ಯನೇ ಎಲ್ಲರೆದುರಿಗೆ ಬಾಯಿಬಿಟ್ಟು ಹೇಳ್ಬೇಕು. ಮ್ಯಾನೇಜರ್ ಹತ್ರ ಮಾತಾಡಿ ಮೆಂಟರ್‌ಗಳ ರೇಟಿಂಗ್ ತೆಗೆಸಿದೆ, ಅದರ ಬದಲು ಈ ವಾರ ಯಾವ ಟಾಪಿಕ್ ಮೇಲೆ ಡೌಟ್ ಜಾಸ್ತಿ ಬಂತು ಅಂತ ಮಾತ್ರ ಬರೆದುಕೊಡ್ತಾರೆ, ಯಾರ ಹೆಸರೂ ಇರಲ್ಲ. ಅದು ಜಾವಾ ಮೇಡಂಗೂ ಉಪಯೋಗ, ಸೋಮವಾರ ಅದೇ ಟಾಪಿಕ್ಕನ್ನ ಇನ್ನೊಂದ್ಸಲ ಎತ್ಕೋತಾರೆ.

ಆಮೇಲೆ ಒಬ್ಬೊಬ್ಬರಿಗೂ ಪರಿಚಯಕ್ಕೆ ಮೂರು ನಿಮಿಷ, ಅದರಲ್ಲಿ ಹೇಳ್ಬೇಕಾಗಿರೋದು ಇಷ್ಟು ಅಂತ ಒಪ್ಪಿಸಿದೆ: ನನ್ನ ಹತ್ರ ಏನು ಕೇಳಬಹುದು, ನಾನು ಎಲ್ಲಿ ಎಷ್ಟು ಹೊತ್ತಿಗೆ ಸಿಗ್ತೀನಿ, ಏನಕ್ಕೆ ನನ್ನ ಹತ್ರ ಬರಬೇಡಿ ಬೇರೆಯವರ ಹತ್ರ ಹೋಗಿ, ಮತ್ತೆ ನನ್ನ ಏನಂತ ಕರೀಬೇಕು. ಈ ಕೊನೇದು ಕೇಳಿ ಡೇಟಾಬೇಸ್ ಸರ್ ಇದೆಲ್ಲ ಬೇಕಾ ಅಂದ್ರು. ಬೇಕು. ಕಾಲೇಜಿಂದ ಬಂದಿರೋ ಮಕ್ಕಳಿಗೆ ಸರ್ ಮೇಡಂ ಬಿಟ್ಟು ಬೇರೆ ಗೊತ್ತಿಲ್ಲ, ಕಂಪನೀಲಿ ಎಲ್ಲರನ್ನೂ ಹೆಸರಿಟ್ಟು ಕರೀರಿ ಅಂತ ಎಚ್ಆರ್ ಹೇಳಿಬಿಟ್ಟಿರ್ತಾರೆ, ಐವತ್ತು ವರ್ಷ ದಾಟಿರೋರನ್ನ ಹೆಸರಿಟ್ಟು ಕರೆಯೋಕೆ ಬಾಯಿ ಬರಲ್ಲ, ಸರ್ ಅಂದ್ರೆ ತಪ್ಪಾಗತ್ತೇನೋ ಅಂತ ಇನ್ನೊಂದು ಹೆದರಿಕೆ, ಹೀಗಾಗಿ ಕರೆಯೋದೇ ಇಲ್ಲ, ಹಿಂದೆ ನಿಂತ್ಕೊಂಡು ಅವರಾಗೇ ತಿರುಗಿ ನೋಡಲಿ ಅಂತ ಕಾಯ್ತಾರೆ. ಇದನ್ನ ನಾನು ಲ್ಯಾಬಲ್ಲಿ ಎಷ್ಟೋ ಸಲ ಕಣ್ಣಾರೆ ನೋಡಿದೀನಿ. ಸರ್ ಒಪ್ಕೊಂಡ್ರು, ನನ್ನ ಸರ್ ಅಂತಾನೇ ಕರೀರಿ ಅಂತ ಸೆಷನಲ್ಲಿ ಅವರೇ ಹೇಳಿದ್ರು. ಮೆಂಟರ್‌ಗಳು ಹೆಸರಿಟ್ಟು ಕರೀರಿ, ನಾವೂ ಎರಡು ವರ್ಷದ ಹಿಂದೆ ಇದೇ ಲ್ಯಾಬಲ್ಲಿ ಕೂತಿದ್ದೋರು ಅಂದ್ರು.

ಭಾಷೆ ವಿಷಯಾನೂ ಅಲ್ಲೇ ತೀರ್ಮಾನ ಮಾಡ್ಕೊಂಡ್ವಿ. ಬ್ಯಾಚಲ್ಲಿ ಬೇರೆ ರಾಜ್ಯದೋರೂ ಇರೋದ್ರಿಂದ ಕ್ಲಾಸ್ ಇಂಗ್ಲಿಷಲ್ಲೇ. ಆದ್ರೆ ಲ್ಯಾಬಲ್ಲಿ ಒಬ್ಬರಿಗೊಬ್ಬರು ಕೂತು ನೋಡೋವಾಗ ಯಾವ ಭಾಷೆ ಆದ್ರೂ ಸರಿ, ಯಾರಿಗೆ ಯಾವ ಭಾಷೆ ಬರತ್ತೆ ಅಂತ ಪರಿಚಯದಲ್ಲೇ ಹೇಳಿಬಿಡೋದು. ಒಬ್ಬ ಮೆಂಟರ್ ಕೊಪ್ಪಳದ ಕಡೆಯೋರು, ಅವರು ತಮ್ಮ ಮೂರು ನಿಮಿಷದಲ್ಲಿ ಒಂದು ಸಾಲು ಅವರ ಊರ ಕನ್ನಡದಲ್ಲೇ ಹೇಳಿದ್ರು, "ಏನರ ತಿಳೀಲಿಲ್ಲಂದ್ರ ಕನ್ನಡದಾಗ ಕೇಳ್ರಿ, ಇಂಗ್ಲಿಷ್ ಜೋಡಿಸ್ಕೋತ ಕುಂದ್ರಬ್ಯಾಡ್ರಿ" ಅಂತ. ಹಿಂದಿನ ಸಾಲಲ್ಲಿ ಕೂತಿದ್ದ ಮೂರ್ನಾಲ್ಕು ಜನ ಅಲ್ಲಿವರೆಗೂ ತಲೆ ಬಗ್ಗಿಸ್ಕೊಂಡಿದ್ದೋರು ಮುಖ ಎತ್ತಿ ನೋಡಿದ್ರು. ಇನ್ನೊಬ್ಬರು ಮೆಂಟರ್ ತೆಲುಗು, ತಮಿಳು ಎರಡೂ ಮಾತಾಡ್ತಾರೆ, ಅವರೂ ಅದನ್ನ ಹೇಳಿದ್ರು.

ಸೆಷನ್ ಯಾವಾಗ ಇಡೋದು ಅನ್ನೋದೂ ಯೋಚನೆ ಮಾಡ್ಬೇಕಾದ ವಿಷಯ. ಮೊದಲ ದಿನ ಬೆಳಗ್ಗೆ ಇಡೋದು ರೂಢಿ, ನಾನು ಎರಡನೇ ದಿನಕ್ಕೆ ಹಾಕಿಸಿದೆ. ಮೊದಲ ದಿನ ಅವರಿಗೆ ಸೆಕ್ಯೂರಿಟಿ, ಎಚ್ಆರ್, ಪೇರೋಲ್, ಬ್ಯಾಂಕಿನೋರು, ಫೆಸಿಲಿಟಿ ಅಂತ ಬರೀ ಹೊಸ ಮುಖಗಳೇ, ಪಿಎಫ್ ಫಾರಂ ನಾಮಿನೇಶನ್ ಫಾರಂ ತುಂಬಿ ತುಂಬಿ ಸಾಕಾಗಿರತ್ತೆ, ಅದರ ಮಧ್ಯೆ ಇನ್ನೂ ಆರು ಜನ ಬಂದು ಹೆಸರು ಹೇಳಿದ್ರೆ ಸಂಜೆಗೆ ಒಬ್ಬರೂ ನೆನಪಿರಲ್ಲ. ಜಾಗಾನೂ ಆಡಿಟೋರಿಯಂ ಬೇಡ ಅಂತ ಲ್ಯಾಬಲ್ಲೇ ಮಾಡಿದ್ವಿ, ಯಾರು ಎಲ್ಲಿ ಕೂರ್ತಾರೆ ಅನ್ನೋದು ಬೆರಳು ತೋರಿಸಿ ಹೇಳೋಕಾಗತ್ತೆ. ಮೆಂಟರ್‌ಗಳ ಟೇಬಲ್ಲನ್ನ ಬಾಗಿಲ ಪಕ್ಕದಿಂದ ಲ್ಯಾಬ್ ಮಧ್ಯಕ್ಕೆ ತರಿಸಿದ್ವಿ, ಅಲ್ಲಿಗೆ ಹೋಗ್ಬೇಕಾದ್ರೆ ಎಲ್ಲರ ಮುಂದೆ ನಡ್ಕೊಂಡು ಹೋಗೋ ಅವಸ್ಥೆ ಇರಬಾರದು ಅಂತ.

ಪರಿಚಯದ ಕ್ರಮದ ಬಗ್ಗೆ ಮುಂಚೇನೇ ಹಿರಿಯರ ಹತ್ರ ಹೋಗಿ ಮಾತಾಡಿದ್ದೆ. ನಮ್ಮಲ್ಲಿ ಸೀನಿಯರ್ ಮೊದಲು ಅನ್ನೋದು ಸಹಜವಾದ ಮರ್ಯಾದೆ, ಆದ್ರೆ ಕೊನೇಲಿ ಬರೋರನ್ನ ಮಕ್ಕಳು ಮುಖ್ಯ ಅಲ್ಲ ಅಂತ ಅಂದ್ಕೋತಾರೆ, ದಿನಾ ಹೆಚ್ಚು ಬೇಕಾಗೋರೇ ಆ ಮೆಂಟರ್‌ಗಳು. ಡೇಟಾಬೇಸ್ ಸರ್‌ಗೆ ಇದನ್ನ ಹೇಳಿದಾಗ ಅವರೇ, "ಅಯ್ಯೋ ಅದಕ್ಕೇನಮ್ಮ, ಅವರೇ ಮೊದಲು ಮಾತಾಡ್ಲಿ, ನಾನು ಹೆಂಗೂ ನಾಲ್ಕನೇ ವಾರ ಬರೋನು" ಅಂದ್ರು. ಮುಂಚೆ ಹೇಳದೆ ಸ್ಟೇಜಲ್ಲಿ ಹಾಗೆ ಮಾಡಿದ್ರೆ ಬೇಜಾರಾಗ್ತಿತ್ತು, ಕೇಳಿ ಮಾಡಿದ್ರಿಂದ ಅವರೇ ಮುಂದೆ ನಿಂತು ಮೆಂಟರ್‌ಗಳನ್ನ ಪರಿಚಯ ಮಾಡ್ಸಿದ್ರು.

ಮೂರು ಮೂರು ನಿಮಿಷದ ಪರಿಚಯ ಆದ್ಮೇಲೆ ಸಿಸ್ಟಮ್ಸ್ ಡೆಸ್ಕಿನೋರು ಪ್ರಾಜೆಕ್ಟರ್ ಮೇಲೆ ನಾಲ್ಕು ಎರರ್ ಹಾಕಿದ್ರು, ಮೇಲೆ ಹೇಳಿದ ಮೇವನ್ ಎರರ್ ಒಂದು, ಉಳಿದ ಮೂರು ಇವು:

```
error: cannot find symbol
ERROR 1045 (28000): Access denied for user
ERROR 1064 (42000): You have an error in your SQL syntax
```

ಮೇವನ್ ಎರರ್ ಮತ್ತೆ 1045 ಬಂದ್ರೆ ನಿಮ್ಮ ಕೋಡಲ್ಲಿ ಹುಡುಕಬೇಡಿ, 1045 ಆದ್ರೆ ಪಾಸ್‌ವರ್ಡ್ ಒಂದ್ಸಲ ಸರಿಯಾಗಿ ಟೈಪ್ ಮಾಡಿ ನೋಡಿ, ಆಗ್ಲಿಲ್ಲ ಅಂದ್ರೆ ನೆಟ್‌ವರ್ಕ್ ಅಥವಾ ಪರ್ಮಿಶನ್ ವಿಷಯ, ನಂಗೆ ಟಿಕೆಟ್ ಹಾಕಿ ಅಂದ್ರು. ಇನ್ನೆರಡು ಕೋಡಿಂದು, ಮೆಂಟರ್ ಹತ್ರ. ಆಮೇಲೆ ಅವರು ಹೇಳಿದ ಒಂದು ಮಾತು ನಿಜವಾಗ್ಲೂ ಬೆಲೆಬಾಳೋದು, ಎಷ್ಟು ಎರರ್ ಬಂದ್ರೂ ಕನ್ಸೋಲಲ್ಲಿ ಮೇಲಕ್ಕೆ ಹೋಗಿ ಮೊದಲನೇ ಎರರ್ ಓದಿ, ಕೆಳಗಿರೋವು ಬಹಳ ಸಲ ಅದರಿಂದಲೇ ಹುಟ್ಟಿದ್ದು ಅಂತ. ಲೈಬ್ರರಿ ಇಳೀದೇ ಇದ್ದಾಗ ಕೋಡೂ ತಪ್ಪು ಅನ್ನೋ ಥರಾನೇ ಕಾಣತ್ತೆ, ಮೊದಲ ಎರರ್ ನೋಡಿದ್ರೆ ಮಾತ್ರ ಗೊತ್ತಾಗೋದು. ಒಂದು ವೇಳೆ ಯಾವುದು ಅಂತ ಗೊತ್ತಾಗ್ಲೇ ಇಲ್ಲ ಅಂದ್ರೆ? ಆವಾಗ ಮೆಂಟರ್, ಅರ್ಧ ಗಂಟೆಗಿಂತ ಜಾಸ್ತಿ ಒಬ್ಬರೇ ಒದ್ದಾಡಬೇಡಿ ಅನ್ನೋದು ರೂಲು.

ಇದಾದ್ಮೇಲೆ ಚೀಟಿ ಹಂಚಿದ್ವಿ. ಇಬ್ಬಿಬ್ಬರಿಗೆ ಒಂದು ಚೀಟಿ, ಅದರಲ್ಲಿ ಒಂದು ಸಂದರ್ಭ, ಓದ್ಕೊಂಡು ಎದ್ದು ಹೋಗಿ ಸರಿಯಾದ ವ್ಯಕ್ತಿ ಎದುರು ನಿಂತ್ಕೊಂಡು ಆ ಪ್ರಶ್ನೇನ ಬಾಯಲ್ಲಿ ಕೇಳ್ಬೇಕು. ಕೇಳೋದು ಮುಖ್ಯ, ಒಂದ್ಸಲ ಬಾಯಿಬಿಟ್ಟು ಕೇಳಿದೋರಿಗೆ ಎರಡನೇ ಸಲ ಸುಲಭ ಆಗತ್ತೆ. "ಟೆಸ್ಟ್ ದಿನಾನೇ ಅಕ್ಕನ ಮದುವೆ" ಅನ್ನೋ ಚೀಟಿ ಸಿಕ್ಕ ಇಬ್ಬರು ಹುಡುಗೀರು ಸೀದಾ ಜಾವಾ ಮೇಡಂ ಹತ್ರ ಹೋದ್ರು. ಮೇಡಂ ನಗ್ತಾ, "ಟೆಸ್ಟ್ ನಾನೇ ಮಾಡೋದು ಕಣ್ರಮ್ಮ, ಆದ್ರೆ ಡೇಟ್ ಬದಲಾಯ್ಸೋ ಅಧಿಕಾರ ನಂಗಿಲ್ಲ, ಕೋಆರ್ಡಿನೇಟರ್ ಹತ್ರ ಹೋಗಿ" ಅಂತ ಕಳ್ಸಿದ್ರು. ನನ್ನ ಹತ್ರ ಬಂದಾಗ ನಾನು ಎಲ್ಲರಿಗೂ ಕೇಳೋ ಹಾಗೆ ಉತ್ತರ ಕೊಟ್ಟೆ, ಒಂದು ವಾರ ಮುಂಚೆ ಮೇಲ್ ಹಾಕಿದ್ರೆ ಇನ್ನೊಂದು ಡೇಟ್ ಸಿಗತ್ತೆ, ಅದೇ ದಿನ ಬೆಳಗ್ಗೆ ಫೋನ್ ಮಾಡಿದ್ರೆ ಹುಷಾರಿಲ್ಲದಿದ್ದಾಗ ಮಾತ್ರ ಅಂತ. ಸ್ಲೈಡಲ್ಲಿ ಹಾಕಿ ಓದಿದ್ರೆ ಇದು ಇಷ್ಟು ತಲೆಗೆ ಹೋಗ್ತಿರಲಿಲ್ಲ.

ಒಂದು ವಿಷಯನ ಮಾತ್ರ ಈ ಚೀಟಿ ಆಟದಿಂದ ಹೊರಗಿಟ್ಟಿದ್ವಿ, ಬೇಕಂತಲೇ. ಟ್ರೈನರ್‌ಗಳಲ್ಲೇ ಒಬ್ಬರಿಂದ ತೊಂದರೆ ಆದ್ರೆ ಯಾರ ಹತ್ರ? ಲೈಂಗಿಕ ಕಿರುಕುಳದ ವಿಷಯಕ್ಕೆ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದಕ್ಕೆ ಹಿರಿಯ ಮಹಿಳಾ ಉದ್ಯೋಗಿ ಅಧ್ಯಕ್ಷೆ, ಹೊರಗಿನ ಸದಸ್ಯರೂ ಒಬ್ಬರು ಇರ್ಬೇಕು. ನಮ್ಮ ಹೆಣ್ಮಕ್ಕಳಲ್ಲಿ ಎಷ್ಟೋ ಜನ ನಾವಿನ್ನೂ ಟ್ರೈನಿ ಅಷ್ಟೇ, ಪರ್ಮನೆಂಟ್ ಆಗಿಲ್ಲ, ನಮಗೆ ಇದು ಬರಲ್ಲ ಅಂದ್ಕೊಂಡಿರ್ತಾರೆ, ಹಾಗಿಲ್ಲ, ಆ ಕಾನೂನಲ್ಲಿ ಉದ್ಯೋಗಿ ಅಂದ್ರೆ ಟ್ರೈನಿ, ಅಪ್ರೆಂಟಿಸ್, ಪ್ರೊಬೇಶನರ್ ಎಲ್ಲರೂ ಸೇರ್ತಾರೆ. ಘಟನೆ ಆದ ಮೂರು ತಿಂಗಳೊಳಗೆ ಬರವಣಿಗೇಲಿ ದೂರು ಕೊಡ್ಬೇಕು, ತಕ್ಕ ಕಾರಣ ಇದ್ರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಕಾಲ ಕೊಡಬಹುದು. ಇದನ್ನ ಹೇಳೋಕೆ ಸಮಿತಿ ಸದಸ್ಯೆ ಒಬ್ಬರನ್ನೇ ಕರೆಸಿದ್ವಿ, ಅವರು ಮಾತಾಡೋವಾಗ ಟ್ರೈನರ್‌ಗಳು, ಮೆಂಟರ್‌ಗಳು, ನಾನು, ಎಲ್ಲರೂ ಲ್ಯಾಬಿಂದ ಆಚೆ ಬಂದ್ವಿ. ನಾವು ಅಲ್ಲೇ ನಿಂತಿದ್ರೆ ಯಾರೂ ಪ್ರಶ್ನೆ ಕೇಳ್ತಿರಲಿಲ್ಲ. ಸಾಮಾನ್ಯ ಮನಸ್ತಾಪ, ಟ್ರೈನರ್ ಎಲ್ಲರೆದುರು ಬೈದ್ರು, ಇನ್ನೊಬ್ಬರ ಜೊತೆ ಹೋಲಿಸಿದ್ರು ಅನ್ನೋ ಥರದ್ದಕ್ಕೆ ನಮ್ಮ ಮ್ಯಾನೇಜರ್ ಹೆಸರು ಕೊಟ್ಟಿದ್ವಿ, ಅವರು ಕ್ಲಾಸಿಗೆ ಬರೋರಲ್ಲ ಅನ್ನೋದೇ ಕಾರಣ.

ಇದೆಲ್ಲಾ ಸೇರಿ ಒಂದೂವರೆ ಗಂಟೆ ಆಯ್ತು. ಕೊನೇಲಿ ಒಂದು ಎ4 ಹಾಳೆ ಕೊಟ್ವಿ, ಎಡಗಡೆ ತೊಂದರೆ, ಬಲಗಡೆ ಯಾರು ಎಲ್ಲಿ ಸಿಗ್ತಾರೆ ಅಂತ. ಫೋಟೋ ಹಾಕಿದ್ವಿ, ಎಕ್ಸ್‌ಪೀರಿಯೆನ್ಸ್ ಹಾಕ್ಲಿಲ್ಲ. ಪರ್ಸನಲ್ ಫೋನ್ ನಂಬರ್ ಯಾರದ್ದೂ ಇಲ್ಲ, ನನ್ನ ಆಫೀಸ್ ನಂಬರ್ ಒಂದು ಬಿಟ್ಟು. ಹಿಂದಿನ ಬ್ಯಾಚಲ್ಲಿ ಜಾವಾ ಮೇಡಂಗೆ ರಾತ್ರಿ ಹನ್ನೊಂದಕ್ಕೆಲ್ಲ ವಾಟ್ಸಾಪ್ ಬರ್ತಿತ್ತಂತೆ, ಅವರು ಪಾಪ ಉತ್ತರಾನೂ ಕೊಡ್ತಿದ್ರು, ಕೊಟ್ಟೋರಿಗೆ ಇನ್ನೂ ಜಾಸ್ತಿ ಬರತ್ತೆ.

ಸೆಷನ್ ಚೆನ್ನಾಗಾಯ್ತು ಅಂತ ಮಕ್ಕಳು ಫೀಡ್‌ಬ್ಯಾಕ್ ಕೊಟ್ಟಿದ್ದನ್ನ ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ, ಅದೆಲ್ಲ ಎಲ್ಲರೂ ಒಳ್ಳೇದೇ ಬರೀತಾರೆ. ನಾನು ನೋಡಿದ್ದು ಮೊದಲ ವಾರ ಯಾರಿಗೆ ಏನು ಬಂತು ಅನ್ನೋದು. ಜಾವಾ ಮೇಡಂಗೆ ರಜೆ, ಐಡಿ ಕಾರ್ಡ್ ಮೆಸೇಜುಗಳು ನಿಂತಿದ್ವು. ಮೆಂಟರ್ ಟೇಬಲ್ ಹತ್ರ ಜನ ಇದ್ರು, ಆದ್ರೆ ಕೊಪ್ಪಳದೋರ ಹತ್ರಾನೇ ಎಲ್ಲ ಗುಂಪಾಗಿ, ಇನ್ನೊಬ್ಬರು ಸುಮ್ಮನೆ ಕೂತಿದ್ರು. ಅದಕ್ಕೆ ಲ್ಯಾಬನ್ನ ಎರಡು ಭಾಗ ಮಾಡಿ ಎಡಗಡೆ ಸಾಲಿಗೆ ಒಬ್ಬರು ಬಲಗಡೆಗೆ ಒಬ್ಬರು ಅಂತ ಹಂಚಿದ್ವಿ, ಭಾಷೆ ಬೇಕಾದ್ರೆ ಮಾತ್ರ ಆಚೆ ಕಡೆ ಹೋಗೋದು. ಇದಕ್ಕಿಂತ ಕಷ್ಟದ್ದು ಯಾರ ಹತ್ರಾನೂ ಹೋಗದೇ ಇರೋರು. ಅವರು ಗೊತ್ತಾಗೋದು ಸಬ್‌ಮಿಶನಲ್ಲಿ, ಎರಡು ದಿನ ಅಸೈನ್‌ಮೆಂಟ್ ಬಂದಿಲ್ಲ, ಡೌಟೂ ಕೇಳಿಲ್ಲ ಅಂದ್ರೆ ಅಲ್ಲೇನೋ ಇದೆ ಅಂತ ಅರ್ಥ. ಅಂಥೋರ ಹತ್ರ ಮೆಂಟರೇ ಹೋಗಿ ಪಕ್ಕದ ಚೇರಲ್ಲಿ ಕೂತ್ಕೋತಾರೆ, ಏನು ಡೌಟು ಅಂತ ಕೇಳಲ್ಲ, ಎಲ್ಲಿವರೆಗೆ ಆಗಿದೆ ತೋರಿಸಿ ಅಂತಾರೆ. ಪರಿಚಯ ಎಷ್ಟೇ ಚೆನ್ನಾಗಿ ಮಾಡಿದ್ರೂ ಈ ಮಕ್ಕಳು ತಾವಾಗೇ ಎದ್ದು ಬರಲ್ಲ, ಅದರ ಮಿತಿ ಅಷ್ಟೇ.

ನಾಲ್ಕನೇ ವಾರ ಡೇಟಾಬೇಸ್ ಶುರು ಆಗೋವಾಗ ಪರಿಚಯ ಇನ್ನೊಂದ್ಸಲ ಮಾಡಿದ್ವಿ, ಮೂರು ವಾರದ ಹಿಂದೆ ಮೂರು ನಿಮಿಷ ನೋಡಿದೋರನ್ನ ಯಾರೂ ನೆನಪಿಟ್ಕೊಂಡಿರಲ್ಲ. ಶುಕ್ರವಾರ ಮಧ್ಯಾಹ್ನ ಜಾವಾ ಮೇಡಂ ಕ್ಲಾಸಿನ ಕೊನೇ ಇಪ್ಪತ್ತು ನಿಮಿಷಕ್ಕೆ ಸರ್ ಬಂದ್ರು, ಮೇಡಂ ಅವರನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಜಾವಾದಿಂದ ಡೇಟಾಬೇಸಿಗೆ ಕನೆಕ್ಟ್ ಆಗೋ ಜೆಡಿಬಿಸಿಯ ಒಂದು ಪ್ರೋಗ್ರಾಮ್ ತೆಗೆದು, ಕನೆಕ್ಷನ್ ಮಾಡೋ ಸಾಲಿನವರೆಗೆ ನನ್ನ ಹತ್ರ ಕೇಳಿ, ಕ್ವೆರಿ ಒಳಗಿಂದು ಸೋಮವಾರದಿಂದ ಸರ್ ಹತ್ರ ಅಂತ ಸ್ಕ್ರೀನ್ ಮೇಲೆ ಬೆರಳಿಟ್ಟು ತೋರಿಸಿದ್ರು. ಮೇಡಂ ಕಾಂಟ್ರಾಕ್ಟ್ ಐದನೇ ವಾರಕ್ಕೆ ಮುಗಿಯತ್ತೆ, ಆಮೇಲೆ ಬರೋ ಜಾವಾ ಡೌಟ್‌ಗಳು ಮೆಂಟರ್‌ಗಳಿಗೆ, ಅವರಿಂದಲೂ ಆಗದಿದ್ರೆ ನಂಗೆ ಮೇಲ್ ಮಾಡ್ಬೇಕು, ನಾನು ಕಂಪನಿ ಒಳಗಿರೋ ಸೀನಿಯರ್ ಡೆವಲಪರ್ ಒಬ್ಬರ ಹತ್ರ ಬುಧವಾರ ಸಂಜೆ ಒಂದು ಗಂಟೆ ತೆಗ್ಸಿಟ್ಟಿದೀನಿ. ಹಾಳೇಲಿ ಆ ಸಾಲು ತಿದ್ದಿ ಹೊಸ ಪ್ರಿಂಟ್ ತೆಗೆದು ಎಲ್ಲರ ಟೇಬಲ್ಲಿಗೂ ಅಂಟಿಸಿದ್ವಿ.